ಸಿಸಿಟಿವಿಯಲ್ಲಿ ಮಸುಕಾದ ನಂಬರ್ ಪ್ಲೇಟ್: ಎಷ್ಟು ಓದಬಹುದು, ಎಲ್ಲಿ ನಿಲ್ಲಿಸಬೇಕು

ಒಂದು ರಾತ್ರಿ ಒಂಬತ್ತೂವರೆ ಸುಮಾರಿಗೆ ನಮ್ಮ ಬೀದಿಯ ಮೆಡಿಕಲ್ ಶಾಪ್ ಎದುರು ಸ್ಕೂಟರೊಂದು ನಿವೃತ್ತ ಮೇಷ್ಟ್ರೊಬ್ಬರಿಗೆ ಗುದ್ದಿ, ನಿಲ್ಲಿಸದೆ ಹೋಯಿತು. ಅವರ ಕಾಲು ಮುರಿಯಿತು. ಮರುದಿನ ಬೆಳಿಗ್ಗೆ ಅವರ ಮಗ ಫೋನ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. "ಅಣ್ಣ, ಇದರಲ್ಲಿ ನಂಬರ್ ಸ್ವಲ್ಪ ಕ್ಲಿಯರ್ ಮಾಡಿಕೊಡಿ" ಅಂದರು. ನಾನು ಕ್ಯಾಮೆರಾ ಹಾಕುವ, ರಿಪೇರಿ ಮಾಡುವ ಕೆಲಸದವನು. ಈ ಮಾತನ್ನು ತಿಂಗಳಿಗೆ ಒಂದೆರಡು ಸಲವಾದರೂ ಕೇಳುತ್ತೇನೆ.

ಆದರೆ ಅವತ್ತು ಅವರ ಕೈಯಲ್ಲಿ ಆಗಲೇ ಒಂದು ನಂಬರ್ ಇತ್ತು. ಪಕ್ಕದ ಮನೆ ಹುಡುಗ ಫೋನಿನ ಎಐ ಆಪ್‌ಗೆ ಚಿತ್ರ ಹಾಕಿದ್ದ. ಆಪ್ ಅಚ್ಚು ಹಾಕಿದ ಹಾಗೆ ಕೊನೆಯ ನಾಲ್ಕು ಅಂಕಿ ತೋರಿಸಿತ್ತು: 4816. ಆ ನಂಬರಿನ ಗಾಡಿ ಯಾರದು ಅಂತ ಹುಡುಕಲು ನಾಲ್ಕು ಜನ ಆಗಲೇ ಹೊರಟು ನಿಂತಿದ್ದರು. ಅವರನ್ನು ಒಂದು ದಿನ ತಡೆಯಿರಿ ಎಂದು ಕೇಳಿಕೊಂಡು ಕೆಲಸ ಶುರು ಮಾಡಿದೆ. ನಾನು ಮಾಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಮೊದಲು ಮೂಲ ಫೈಲ್ ತೆಗೆಯಿರಿ

ಅವರು ತಂದಿದ್ದು ಕ್ಯಾಮೆರಾದ ದೃಶ್ಯ ಉಳಿಸಿಡುವ ಪೆಟ್ಟಿಗೆಯಾದ ಡಿವಿಆರ್‌ನ ಟಿವಿ ಪರದೆಯನ್ನು ಫೋನಿನಲ್ಲಿ ಹಿಡಿದ ವಿಡಿಯೊ. ಅದೂ ವಾಟ್ಸಾಪ್‌ನಲ್ಲಿ ಬಂದದ್ದು. ಅಂದರೆ ಚಿತ್ರ ಮೂರು ಸಲ ಹಾಳಾಗಿತ್ತು. ಪರದೆಯ ಗೆರೆಗಳು ಸೇರಿದ್ದವು, ಫೋನ್ ಫೈಲ್ ಚಿಕ್ಕದಾಗಲೆಂದು ತನ್ನ ಲೆಕ್ಕದಲ್ಲಿ ಚಿತ್ರ ಒತ್ತಿತ್ತು, ವಾಟ್ಸಾಪ್ ಮತ್ತೊಮ್ಮೆ ಒತ್ತಿತ್ತು. ಅದರ ಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ.

ಡಿವಿಆರ್ ಹತ್ತಿರವೇ ಹೋಗಿ, ಪೆನ್ ಡ್ರೈವ್ ಹಾಕಿ, `Backup` ಮೆನುವಿನಿಂದ ಫೈಲ್ ತೆಗೆಯಬೇಕು. ಬಹಳಷ್ಟು ಡಿವಿಆರ್‌ಗಳು ಒಂದೇ ದೃಶ್ಯದ ಎರಡು ಪ್ರತಿ ಇಟ್ಟಿರುತ್ತವೆ. `Main Stream` ದೊಡ್ಡದು, `Sub Stream` ಮೊಬೈಲಿನಲ್ಲಿ ನೋಡಲು ಮಾಡಿದ ಚಿಕ್ಕದು. ಮೊಬೈಲ್ ಆಪ್‌ನಿಂದ ಇಳಿಸಿಕೊಂಡರೆ ಎಷ್ಟೋ ಸಲ ಚಿಕ್ಕದೇ ಸಿಗುತ್ತದೆ. ನಿಮಗೆ ಬೇಕಾದ್ದು ಮೇನ್ ಸ್ಟ್ರೀಮ್. ಡಿವಿಆರ್‌ನ ಸ್ವಂತ ಫಾರ್ಮ್ಯಾಟ್ ಮತ್ತು ಎಂಪಿ4 ಎರಡೂ ಆಯ್ಕೆ ಇದ್ದರೆ ಎರಡನ್ನೂ ತೆಗೆದುಕೊಳ್ಳಿ. ಘಟನೆಗೆ ಹತ್ತು ನಿಮಿಷ ಮುಂಚಿನದು, ಹತ್ತು ನಿಮಿಷ ನಂತರದ್ದು ಕೂಡ ಇರಲಿ.

ತಡ ಮಾಡಬೇಡಿ. ಹಾರ್ಡ್ ಡಿಸ್ಕ್ ತುಂಬಿದ ಕೂಡಲೇ ಡಿವಿಆರ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಎಷ್ಟೋ ಅಂಗಡಿಗಳಲ್ಲಿ ಒಂದು ವಾರದ ಹಿಂದಿನದು ಕೂಡ ಸಿಗುವುದಿಲ್ಲ.

ಅಲ್ಲೇ ನಿಂತು ಇನ್ನೊಂದು ಕೆಲಸ ಮಾಡಿ. ಡಿವಿಆರ್ ತೋರಿಸುವ ಸಮಯವನ್ನೂ ನಿಮ್ಮ ಫೋನಿನ ಸಮಯವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಈ ಅಂಗಡಿಯದು 11 ನಿಮಿಷ ಮುಂದಿತ್ತು. ಇದು ಬರೆದಿಲ್ಲದಿದ್ದರೆ ಮುಂದೆ ಬೇರೆ ಕ್ಯಾಮೆರಾದ ಜೊತೆ ಹೊಂದಿಸುವಾಗ ಎಲ್ಲವೂ ತಪ್ಪುತ್ತದೆ.

ಮನೆಗೆ ಬಂದ ಮೇಲೆ ಫೈಲಿನ ಹ್ಯಾಶ್ ತೆಗೆದಿಡಿ. ಇದು ಫೈಲಿನ ಹೆಬ್ಬೆಟ್ಟು ಇದ್ದ ಹಾಗೆ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಹೀಗೆ:

```
certutil -hashfile camera2.mp4 SHA256
```

ಬಂದ ಉದ್ದನೆಯ ಸಾಲನ್ನು ನಕಲು ಮಾಡಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಫೈಲನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಬರೆಯುವ ಜಾಗವೇ ಇದೆ. ಒಂದು ಭಾಗಕ್ಕೆ ಯಂತ್ರ ಯಾರ ವಶದಲ್ಲಿದೆಯೋ ಅವರು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಹಾಗಾಗಿ ಅಂಗಡಿ ಮಾಲೀಕರನ್ನು ಮೊದಲ ದಿನವೇ ವಿಶ್ವಾಸಕ್ಕೆ ತೆಗೆದುಕೊಳ್ಳಿ. ಮೂಲ ಫೈಲನ್ನು ಇನ್ನು ಮುಟ್ಟಬೇಡಿ. ಮುಂದಿನದೆಲ್ಲ ಅದರ ಪ್ರತಿಯ ಮೇಲೆ.

ಅಳತೆ ಟೇಪ್ ಹಿಡಿಯಿರಿ

ಚಿತ್ರ ಸರಿಮಾಡಲು ಕೂರುವ ಮೊದಲು ನಾನು ಮಾಡುವುದು ಒಂದು ಸಣ್ಣ ಲೆಕ್ಕ. ಪ್ಲೇಟಿನ ಮೇಲಿನ ಒಂದು ಅಂಕಿಗೆ ಎಷ್ಟು ಪಿಕ್ಸೆಲ್ ಸಿಕ್ಕಿದೆ? ಇಷ್ಟು ತಿಳಿದರೆ ಮುಂದಿನ ಎರಡು ಗಂಟೆ ಉಳಿಯುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಕ್ಯಾಮೆರಾ 2 ಮೆಗಾಪಿಕ್ಸೆಲ್‌ದು. ಚಿತ್ರದ ಅಗಲ 1920 ಪಿಕ್ಸೆಲ್. ಗುದ್ದಿದ ಜಾಗ ಕ್ಯಾಮೆರಾದಿಂದ 12 ಮೀಟರ್ ದೂರ. ಆ ದೂರದಲ್ಲಿ ಚಿತ್ರದ ಎಡ ತುದಿಯಿಂದ ಬಲ ತುದಿಗೆ ಟೇಪ್ ಹಿಡಿದು ಅಳೆದೆವು. 24 ಮೀಟರ್ ಬಂತು. 1920ನ್ನು 24ರಿಂದ ಭಾಗಿಸಿದರೆ ಮೀಟರಿಗೆ 80 ಪಿಕ್ಸೆಲ್. ಸ್ಕೂಟರಿನ ಹಿಂದಿನ ಪ್ಲೇಟ್ 20 ಸೆಂಟಿಮೀಟರ್ ಅಗಲ, ಅಂದರೆ 16 ಪಿಕ್ಸೆಲ್. ಅಂಕಿಯ ಎತ್ತರ 4 ಸೆಂಟಿಮೀಟರ್, ಅಂದರೆ ಮೂರು ಪಿಕ್ಸೆಲ್ ಚಿಲ್ಲರೆ. ಮೂರು ಚುಕ್ಕಿಯ ಎತ್ತರದಲ್ಲಿ 3 ಮತ್ತು 8ರ ನಡುವೆ ವ್ಯತ್ಯಾಸ ಬರೆಯಲು ಜಾಗವೇ ಇಲ್ಲ. ಇದ್ದದ್ದನ್ನು ಕ್ಯಾಮೆರಾ ಕಳೆದುಹಾಕಿದ್ದಲ್ಲ, ಅದು ಚಿತ್ರದೊಳಗೆ ಬಂದೇ ಇಲ್ಲ.

ಅದರ ಮೇಲೆ ಓಟದ ಮಸುಕು ಬೇರೆ. ರಾತ್ರಿ ಬೆಳಕು ಸಾಲದೆ ಕ್ಯಾಮೆರಾ ಒಂದು ಫ್ರೇಮಿಗೆ ಸೆಕೆಂಡಿನ 25ನೇ ಒಂದು ಭಾಗ ಕಣ್ಣು ತೆರೆದಿರುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಡಿ ಅಷ್ಟರಲ್ಲಿ 33 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಪ್ಲೇಟೇ 20 ಸೆಂಟಿಮೀಟರ್! ಗಾಡಿ ಅಡ್ಡ ಹಾದುಹೋದರೆ ಎಲ್ಲ ಅಂಕಿಗಳೂ ಒಂದರ ಮೇಲೊಂದು ಬಳಿದಂತೆ ಆಗುತ್ತವೆ.

ಹಾಗಾಗಿ ಗುದ್ದಿದ ಕ್ಷಣದ ಫ್ರೇಮನ್ನು ಬಿಟ್ಟೆ. ಎಲ್ಲರೂ ಅದನ್ನೇ ಹಿಗ್ಗಿಸುತ್ತಾ ಕೂರುತ್ತಾರೆ, ಆದರೆ ನಂಬರ್ ಇರುವುದು ಬೇರೆಲ್ಲೋ. ಈ ಕ್ಯಾಮೆರಾದ ಕೆಳಗೇ ಒಂದು ಹಂಪ್ ಇದೆ. ಸ್ಕೂಟರ್ ತಪ್ಪಿಸಿಕೊಂಡು ಹೋಗುವಾಗ ಅಲ್ಲಿ ನಿಧಾನ ಮಾಡಲೇಬೇಕಾಯಿತು. ಹಂಪ್ ಕ್ಯಾಮೆರಾದಿಂದ 4 ಮೀಟರ್. ಅಲ್ಲಿ ಚಿತ್ರದ ಅಗಲ 8 ಮೀಟರ್, ಅಂದರೆ ಮೀಟರಿಗೆ 240 ಪಿಕ್ಸೆಲ್. ಅಂಕಿಗೆ ಒಂಬತ್ತು ಹತ್ತು ಪಿಕ್ಸೆಲ್ ಎತ್ತರ ಸಿಗುತ್ತದೆ. ಗಾಡಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ನೇರ ಹೋಗುತ್ತಿದ್ದುದರಿಂದ ಅಡ್ಡ ಮಸುಕೂ ಕಡಿಮೆ. ಓದಲು ಏನಾದರೂ ಅವಕಾಶ ಇದ್ದರೆ ಇಲ್ಲೇ.

ಫ್ರೇಮುಗಳನ್ನು ಬಿಡಿಸಿ ನೋಡುವುದು

ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಬೇಡಿ. ffmpeg ಎಂಬ ಉಚಿತ ಸಾಧನದಿಂದ ಪ್ರತಿ ಫ್ರೇಮನ್ನೂ ಪಿಎನ್‌ಜಿ ಚಿತ್ರವಾಗಿ ತೆಗೆಯಬಹುದು. ಪಿಎನ್‌ಜಿ ಮತ್ತೆ ಒತ್ತಿ ಕೆಡಿಸುವುದಿಲ್ಲ. ಕೆಳಗಿನ ಸಾಲು 12ನೇ ನಿಮಿಷ 40ನೇ ಸೆಕೆಂಡಿನಿಂದ ನಾಲ್ಕು ಸೆಕೆಂಡಿನ ಫ್ರೇಮುಗಳನ್ನು ತೆಗೆಯುತ್ತದೆ:

```
ffmpeg -ss 00:12:40 -i camera2.mp4 -t 4 -fps_mode passthrough f_%04d.png
```

ಇದು ಸೆಕೆಂಡಿಗೆ 15 ಫ್ರೇಮಿನ ಕ್ಯಾಮೆರಾ. 60 ಚಿತ್ರ ಬಂದವು. ಪ್ಲೇಟ್ ಕಾಣುತ್ತಿದ್ದದ್ದು ಏಳರಲ್ಲಿ. ಅದರಲ್ಲಿ ಎರಡರಲ್ಲಿ ಕ್ಯಾಮೆರಾದ ಕಣ್ಣಿಗೆ ಕಾಣದ ಐಆರ್ ಬೆಳಕು ನೇರ ಬಿದ್ದು ಪ್ಲೇಟ್ ಬರೀ ಬಿಳಿ ಪಟ್ಟಿಯಾಗಿತ್ತು. ಈಗಿನ ಪ್ಲೇಟುಗಳು ಬೆಳಕನ್ನು ಬಂದ ದಾರಿಗೇ ವಾಪಸ್ ಎಸೆಯುತ್ತವೆ. ಬಿಳಿ ಪೂರ್ತಿ ತುಂಬಿ ಗರಿಷ್ಠ ಮೌಲ್ಯವಾದ 255ಕ್ಕೆ ಮುಟ್ಟಿದ ಪಿಕ್ಸೆಲ್‌ಗಳಲ್ಲಿ ಹಿಂದೆ ಅಡಗಿರುವುದು ಏನೂ ಇಲ್ಲ. ಬ್ರೈಟ್‌ನೆಸ್ ಇಳಿಸಿದರೆ ಬಿಳಿ ಹೋಗಿ ಬೂದಿ ಬಣ್ಣ ಬರುತ್ತದೆ ಅಷ್ಟೇ. ಉಳಿದದ್ದು ಐದು ಫ್ರೇಮ್.

ಈ ಐದರ ಮೇಲೆ ಮಾಡಿದ್ದು ಮೂರೇ ಕೆಲಸ. ಮೊದಲನೆಯದು, ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್. ಅದೂ ಇಡೀ ಚಿತ್ರಕ್ಕೆ ಒಂದೇ ರೀತಿ, ಪ್ಲೇಟಿನ ಒಂದು ಮೂಲೆಗೆ ಮಾತ್ರ ಅಲ್ಲ.

ಎರಡನೆಯದು, ಫ್ರೇಮುಗಳ ಸರಾಸರಿ. ರಾತ್ರಿ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವ ಚುಕ್ಕಿಗಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತವೆ. ಪ್ಲೇಟಿನ ಅಂಕಿ ಮಾತ್ರ ಎಲ್ಲದರಲ್ಲೂ ಅದೇ. ಹಾಗಾಗಿ ಪ್ಲೇಟನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ತೆಗೆದರೆ ಚುಕ್ಕಿಗಳು ಸವೆದು ಅಂಕಿ ಉಳಿಯುತ್ತದೆ. ನಾಲ್ಕು ಫ್ರೇಮ್ ಸೇರಿದರೆ ಚುಕ್ಕಿ ಅರ್ಧಕ್ಕಿಳಿಯುತ್ತದೆ, ಹದಿನಾರು ಸೇರಿದರೆ ಕಾಲು ಭಾಗಕ್ಕೆ. ಇದಕ್ಕೆ ನಾನು ಬಳಸುವುದು ಉಚಿತವಾಗಿ ಸಿಗುವ ಇಮೇಜ್‌ಜೆ. ಪ್ಲೇಟಿನ ಭಾಗ ಕತ್ತರಿಸಿ, ಅಳತೆ ಹೊಂದಿಸಿ, ಕೂರಿಸಿದ ಮೇಲೆ `Image > Stacks > Z Project` ತೆರೆದು `Average Intensity` ಆರಿಸಬೇಕು. ನಿಂತ ಗಾಡಿಯಾಗಿದ್ದರೆ ಈ ಕೆಲಸ ಬಹಳ ಸುಲಭ, ಫಲವೂ ಜಾಸ್ತಿ.

ಈ ಸರಾಸರಿಯನ್ನು ನಾನು ನಂಬುತ್ತೇನೆ, ಯಾಕೆಂದರೆ ಅದರಲ್ಲಿರುವ ಪ್ರತಿ ಪಿಕ್ಸೆಲ್ಲೂ ಆ ರಾತ್ರಿ ಆ ರಸ್ತೆಯಿಂದ ಬಂದ ಬೆಳಕಿನದೇ. ಬೇರೆಯವರು ಅದೇ ಫೈಲ್, ಅದೇ ಹೆಜ್ಜೆ ಹಿಡಿದರೆ ಅವರಿಗೂ ಇದೇ ಚಿತ್ರ ಬರುತ್ತದೆ.

ಮೂರನೆಯದು, ಓಟದ ಮಸುಕು ಬಿಡಿಸುವ ಲೆಕ್ಕ. ಇದಕ್ಕೆ ಡೀಕನ್ವಲ್ಯೂಷನ್ ಅನ್ನುತ್ತಾರೆ. ಗಾಡಿ ಯಾವ ದಿಕ್ಕಿಗೆ ಎಷ್ಟು ಪಿಕ್ಸೆಲ್ ಸರಿದಿದೆ ಅಂತ ಗೊತ್ತಿದ್ದರೆ ಆ ಬಳಿತವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. ಟೈಲ್ ಲ್ಯಾಂಪಿನ ಬೆಳಕಿನ ಚುಕ್ಕಿ ಎಷ್ಟು ಉದ್ದ ಎಳೆದಿದೆ ಅಂತ ನೋಡಿದರೆ ಆ ದಿಕ್ಕು, ಉದ್ದ ಎರಡೂ ಸಿಗುತ್ತವೆ. ಮಸುಕು ನಾಲ್ಕೈದು ಪಿಕ್ಸೆಲ್ ಇದ್ದಾಗ ಉಪಯೋಗವಿದೆ. ಜಾಸ್ತಿ ತಿರುಗಿಸಿದರೆ ಅಂಕಿಗಳ ಸುತ್ತ ನೀರಿನ ಅಲೆಯಂಥ ಗೆರೆ ಏಳುತ್ತವೆ. ಆ ಗೆರೆಯೇ 3ರ ಬಾಯಿ ಮುಚ್ಚಿ 8 ಮಾಡಿಬಿಡಬಹುದು. ಪ್ಲೇಟಿನ ಅಂಚಿನಾಚೆಗೂ ಅಲೆ ಕಂಡರೆ ಹಿಂದಕ್ಕೆ ಬನ್ನಿ.

ಮಾಡಿದ್ದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಯಾವ ಫ್ರೇಮ್, ಯಾವ ಸಾಧನ, ಎಷ್ಟು ಮೌಲ್ಯ.

ಓದುವ ರೀತಿ

ಇಲ್ಲಿ ಜನ ಎಡವುವುದು ಜಾಸ್ತಿ. "ಇದು 4816 ಅಲ್ವಾ?" ಅಂತ ಕೇಳಿ ಚಿತ್ರ ತೋರಿಸಿದರೆ ಯಾರಿಗಾದರೂ 4816 ಕಾಣುತ್ತದೆ. ನನಗೂ ಕಂಡಿತು. ಒಮ್ಮೆ ಕಂಡ ಮೇಲೆ ಬೇರೆ ಕಾಣುವುದೇ ಇಲ್ಲ.

ಹಾಗಾಗಿ ವಿಷಯವೇ ಗೊತ್ತಿಲ್ಲದ ಇಬ್ಬರನ್ನು ಬೇರೆ ಬೇರೆಯಾಗಿ ಕೂರಿಸಿದೆ. ಒಬ್ಬರು ನನ್ನ ಅತ್ತಿಗೆ, ಇನ್ನೊಬ್ಬರು ಪಕ್ಕದ ಜೆರಾಕ್ಸ್ ಅಂಗಡಿಯವರು. ಒಂದೊಂದು ಸ್ಥಾನಕ್ಕೂ ಏನೇನು ಇರಬಹುದು ಅಂತ ಬರೆಯಿರಿ, ಗೊತ್ತಾಗದಿದ್ದರೆ ಗೊತ್ತಾಗುವುದಿಲ್ಲ ಅಂತಲೇ ಬರೆಯಿರಿ ಎಂದೆ. ಇಬ್ಬರ ಚೀಟಿ ಸೇರಿಸಿದಾಗ ಬಂದದ್ದು ಇಷ್ಟು: ಮೊದಲ ಅಂಕಿ 4. ಎರಡನೆಯದು 3 ಅಥವಾ 8. ಮೂರನೆಯದು 1. ನಾಲ್ಕನೆಯದು 0, 6 ಅಥವಾ 8. ಎರಡನ್ನು ಮೂರರಿಂದ ಗುಣಿಸಿದರೆ ಆರು ನಂಬರ್. ಆಪ್ ಹೇಳಿದ್ದು ಈ ಆರರಲ್ಲಿ ಒಂದು, ಅಷ್ಟೇ.

ಗೊತ್ತಿರುವ ನಂಬರಿನಿಂದ ಕ್ಯಾಮೆರಾವನ್ನೇ ಪರೀಕ್ಷಿಸಿ

ಇದೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಮೂರನೇ ರಾತ್ರಿ ಅದೇ ಹೊತ್ತಿಗೆ, ಅದೇ ಬೀದಿ ದೀಪ, ಅದೇ ಅಂಗಡಿ ದೀಪ ಇರುವಾಗ ನಮ್ಮ ಬೀದಿಯವರದೇ ನಾಲ್ಕು ಸ್ಕೂಟರ್‌ಗಳನ್ನು ಹಂಪ್ ಮೇಲೆ ನಿಧಾನವಾಗಿ ಓಡಿಸಿದೆವು. ನಂಬರಿನಲ್ಲಿ 3, 8, 6, 0 ಇರುವ ಗಾಡಿಗಳನ್ನೇ ಆರಿಸಿದ್ದೆ. ಕಾಗದದಲ್ಲಿ ನಂಬರ್ ಬರೆದು ಅಂಟಿಸಬೇಡಿ. ಕಾನೂನಿಗೂ ತಪ್ಪು, ಕಾಗದ ನಿಜವಾದ ಪ್ಲೇಟಿನ ಹಾಗೆ ಬೆಳಕನ್ನು ವಾಪಸ್ ಎಸೆಯುವುದೂ ಇಲ್ಲ.

ಆ ಫುಟೇಜನ್ನು ಅದೇ ಹೆಜ್ಜೆಗಳಲ್ಲಿ ತೆಗೆದು, ಅದೇ ಇಬ್ಬರಿಗೆ ಕೊಟ್ಟೆ. 1 ಮತ್ತು 4ನ್ನು ಇಬ್ಬರೂ ಒಮ್ಮೆಯೂ ತಪ್ಪಲಿಲ್ಲ. 3ನ್ನು ಮಾತ್ರ ಇಬ್ಬರೂ 8 ಎಂದು ಓದಿದರು. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಕಾರಣ ಕಂಡಿತು. ಅಂಕಿಯ ಗೆರೆ 7 ಮಿಲಿಮೀಟರ್ ದಪ್ಪ, ಇಲ್ಲಿ ಅದು ಎರಡು ಪಿಕ್ಸೆಲ್ ಕೂಡ ಅಲ್ಲ. 3ರ ಎಡಗಡೆ ಬಾಯಿ ತೆರೆದಿರುವ ಜಾಗದಲ್ಲಿ ಒಂದೆರಡು ಪಿಕ್ಸೆಲ್ ಬಿಳಿ ಇರಬೇಕಿತ್ತು. ಡಿವಿಆರ್ ಚಿತ್ರ ಒತ್ತುವಾಗ ಅಕ್ಕಪಕ್ಕದ ಕಪ್ಪನ್ನು ಅದಕ್ಕೆ ಸವರಿ ಬೂದಿ ಮಾಡಿತ್ತು. ಹೀಗೆ ಸವರುವುದೇ ಅದರ ಕೆಲಸ. ಹಾರ್ಡ್ ಡಿಸ್ಕಿನಲ್ಲಿ ಜಾಗ ಉಳಿಸಲು ಸಣ್ಣ ಸಣ್ಣ ವಿವರಗಳನ್ನೇ ಅದು ಮೊದಲು ಬಿಸಾಡುವುದು.

ಈಗ ಎರಡನೇ ಸ್ಥಾನದ ಬಗ್ಗೆ ನಾನು ಖಚಿತವಾಗಿ ಹೇಳಬಹುದಾದದ್ದು ಒಂದೇ: ಈ ಕ್ಯಾಮೆರಾ, ಈ ಜಾಗದಲ್ಲಿ, ಈ ಹೊತ್ತಿನಲ್ಲಿ 3 ಮತ್ತು 8ನ್ನು ಬೇರೆ ಮಾಡಿ ತೋರಿಸಲಾರದು.

ಹಾಗಾದರೆ ಆಪ್ ಅಷ್ಟು ಚೆನ್ನಾಗಿ ತೋರಿಸಿತಲ್ಲ?

ಮೇಷ್ಟ್ರ ಮಗ ಕೇಳಿದ್ದೂ ಇದನ್ನೇ. ಅವರ ಎದುರೇ ಒಂದು ಪ್ರಯೋಗ ಮಾಡಿದೆ. ನಮ್ಮ ಪರೀಕ್ಷೆಯ ಗಾಡಿಯೊಂದರ ಚಿತ್ರವನ್ನು ಅದೇ ಆಪ್‌ಗೆ ಹಾಕಿದೆವು. ಆ ಗಾಡಿಯ ಎರಡನೇ ಅಂಕಿ 3 ಅಂತ ನಮಗೆಲ್ಲ ಗೊತ್ತು, ಗಾಡಿ ಹೊರಗೇ ನಿಂತಿತ್ತು. ಆಪ್ ತೋರಿಸಿದ್ದು 8. ಅಂಚು ಚೂಪು, ಬಿಳಿ ಶುಭ್ರ, ಒಂದು ಚೂರೂ ಅನುಮಾನವಿಲ್ಲದ 8. ಅದೇ ಚಿತ್ರವನ್ನು ಎರಡು ಪಿಕ್ಸೆಲ್ ಆಚೆ ಕತ್ತರಿಸಿ ಮತ್ತೆ ಹಾಕಿದೆವು. ಈ ಸಲ 6ಕ್ಕೆ ಹತ್ತಿರದ್ದೇನೋ ಬಂತು. ಅವರು ಬಹಳ ಹೊತ್ತು ಸುಮ್ನೆ ಕೂತಿದ್ದರು.

ಇಂಥ ಆಪ್‌ಗಳು ನಿಮ್ಮ ಚಿತ್ರದೊಳಗೆ ಹುಡುಕುವುದಿಲ್ಲ. ಲಕ್ಷಾಂತರ ಬೇರೆ ಚಿತ್ರಗಳನ್ನು ನೋಡಿ, ಇಂಥ ಮಸುಕಿನ ಜಾಗದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಅಂತ ಕಲಿತು, ಅದನ್ನು ಬರೆಯುತ್ತವೆ. ಮದುವೆ ಆಲ್ಬಂನ ಹಳೆ ಫೋಟೊಗೆ ಅದು ಸಾಕು. ಒಬ್ಬ ಮನುಷ್ಯನ ಮೇಲೆ ಅಪರಾಧ ಹೊರಿಸಲು ಸಾಲದು. ಮುಖಗಳಲ್ಲಿ ಇದು ಇನ್ನೂ ಭಯಂಕರ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪಲ್ಸ್ ಎಂಬ ಇಂಥ ಸಾಧನ ಹೊರತಂದಾಗ, ಯಾರೋ ಬರಾಕ್ ಒಬಾಮಾ ಅವರ ಮಸುಕು ಮಾಡಿದ ಫೋಟೊ ಅದಕ್ಕೆ ಹಾಕಿದರು. ಬಂದದ್ದು ಬಿಳಿಯ ಮನುಷ್ಯನೊಬ್ಬನ ಸ್ಪಷ್ಟ ಮುಖ. ಚಿಕ್ಕದು ಮಾಡಿದರೆ ಎರಡೂ ಮುಖ ಹೆಚ್ಚುಕಡಿಮೆ ಒಂದೇ ಮಸುಕಾಗುತ್ತಿದ್ದವು. ಅಂದರೆ ಅಷ್ಟು ಪಿಕ್ಸೆಲ್‌ಗೆ ಎರಡೂ ಉತ್ತರ ಸರಿಯೇ. ಹಾಗಿರುವಾಗ ಯಾರದು ಅಂತ ಆ ಮಸುಕು ಹೇಗೆ ಹೇಳೀತು?

ಕೋರ್ಟಿನಲ್ಲೂ ಈ ಪ್ರಶ್ನೆ ಬಂದಿದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ಕೋರ್ಟಿನಲ್ಲಿ, ಒಂದು ಕೊಲೆ ಪ್ರಕರಣದ ಫೋನ್ ವಿಡಿಯೊವನ್ನು ಎಐ ಸಾಧನದಲ್ಲಿ ಸ್ಪಷ್ಟ ಮಾಡಿ ಆರೋಪಿಯ ಪರವಾಗಿ ತಂದಿದ್ದರು. ನ್ಯಾಯಾಧೀಶರು ಅದನ್ನು ಸಾಕ್ಷ್ಯವಾಗಿ ಸೇರಿಸಲು ಒಪ್ಪಲಿಲ್ಲ. ವಿಡಿಯೊ ಪರೀಕ್ಷಿಸುವ ತಜ್ಞರ ವಲಯ ಈ ವಿಧಾನವನ್ನು ಒಪ್ಪಿಕೊಂಡಿಲ್ಲ, ಒಳಗೆ ಏನು ನಡೆಯುತ್ತದೆ ಎಂಬುದೂ ಕಾಣುವುದಿಲ್ಲ ಎಂಬುದು ಅವರ ಮಾತಿನ ಸಾರ. ಮೂಲ ವಿಡಿಯೊಗೆ ಅಡ್ಡಿ ಇರಲಿಲ್ಲ.

ಆಪ್ ಬಳಸಿಯೇ ಬಿಟ್ಟಿದ್ದರೆ ಆ ಚಿತ್ರವನ್ನು ಅಳಿಸಬೇಡಿ, ಮುಚ್ಚಿಡಬೇಡಿ. ಇದು ಇಂಥ ಆಪ್‌ನಲ್ಲಿ ಮಾಡಿದ್ದು ಅಂತ ಹೆಸರು ಬರೆದು ಬೇರೆ ಫೋಲ್ಡರಿನಲ್ಲಿಡಿ. ಮೂಲದ ಜೊತೆ ಬೆರೆತುಹೋದರೆ ಮೂಲಕ್ಕೂ ಕಳಂಕ.

ಪೊಲೀಸರಿಗೆ ಕೊಡುವುದು ಏನು

ನಾವು ಠಾಣೆಗೆ ಕೊಟ್ಟದ್ದು ಮೂಲ ಫೈಲ್ ಇರುವ ಪೆನ್ ಡ್ರೈವ್, ಹ್ಯಾಶ್, ಸಮಯದ ಚೀಟಿ, ಐದು ಫ್ರೇಮುಗಳು, ಸರಾಸರಿ ಚಿತ್ರ, ನನ್ನ ನೋಟ್ ಪುಸ್ತಕದ ಪ್ರತಿ, ಪರೀಕ್ಷೆಯ ಫುಟೇಜ್. ಮೇಲೊಂದು ಪುಟ. ಅದರಲ್ಲಿ ಆರು ನಂಬರನ್ನೂ ಬರೆದು, ಇವುಗಳಲ್ಲಿ ಯಾವುದು ಅಂತ ಈ ಚಿತ್ರದಿಂದ ಹೇಳಲಾಗದು ಎಂದು ಸ್ಪಷ್ಟವಾಗಿ ಬರೆದೆವು. ಬಣ್ಣದ ಬಗ್ಗೆ ಏನನ್ನೂ ಬರೆಯಲಿಲ್ಲ. ಐಆರ್ ಬೆಳಕಿನಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರ ಬಣ್ಣದ ಮಟ್ಟಿಗೆ ಸುಳ್ಳು ಹೇಳುತ್ತದೆ. ಕೆಲವು ಕಪ್ಪು ಬಟ್ಟೆಗಳು ಅದರಲ್ಲಿ ಬಿಳಿಯಾಗಿಯೇ ಕಾಣುತ್ತವೆ. ಗಾಡಿ ಸ್ಕೂಟರ್, ಬೈಕ್ ಅಲ್ಲ, ಒಬ್ಬನೇ ಸವಾರ, ಹೋದ ದಿಕ್ಕು ಇದು. ಇಷ್ಟನ್ನು ಮಾತ್ರ ಧೈರ್ಯವಾಗಿ ಬರೆದೆವು.

ನೋಂದಣಿ ದಾಖಲೆ ನೋಡುವ ಅಧಿಕಾರ ಪೊಲೀಸರಿಗಿದೆ. ಆರರಲ್ಲಿ ಸ್ಕೂಟರ್ ಇದ್ದದ್ದು ಎರಡು. ಒಂದರ ಬಲಗಡೆ ಇಂಡಿಕೇಟರ್ ಒಡೆದಿತ್ತು. ಆ ರಾತ್ರಿ ರಸ್ತೆಯಲ್ಲಿ ಬಿದ್ದಿದ್ದ ಚೂರುಗಳನ್ನು ಮೆಡಿಕಲ್ ಶಾಪಿನವರು ಎತ್ತಿ ಇಟ್ಟಿದ್ದರು. ಆ ಸ್ಕೂಟರಿನ ಎರಡನೇ ಅಂಕಿ 3. ಆಪ್ ಹೇಳಿದ 4816 ಒಂದು ಆಟೊದ ನಂಬರ್ ಆಗಿತ್ತು.

ಆಮೇಲೆ ಆ ಅಂಗಡಿಯವರಿಗೆ ಇನ್ನೊಂದು ಕ್ಯಾಮೆರಾ ಹಾಕಿಕೊಟ್ಟೆ. ಅದು ಬೀದಿ ಪೂರ್ತಿ ನೋಡುವುದಿಲ್ಲ. ಹಂಪಿನ ಮೇಲಿನ 4 ಮೀಟರ್ ಅಗಲ ಮಾತ್ರ ನೋಡುತ್ತದೆ. ಅದೇ 1920 ಪಿಕ್ಸೆಲ್ ಈಗ 4 ಮೀಟರಿಗೆ ಹಂಚಿಕೆಯಾಗುವುದರಿಂದ ಅಂಕಿಗೆ 19 ಪಿಕ್ಸೆಲ್ ಎತ್ತರ ಸಿಗುತ್ತದೆ. ಶಟರ್ ಅನ್ನು ಸೆಕೆಂಡಿನ 500ನೇ ಒಂದು ಭಾಗಕ್ಕೆ ಕಟ್ಟಿಹಾಕಿದ್ದೇನೆ. ರಾತ್ರಿ ಅದರಲ್ಲಿ ರಸ್ತೆ ಕತ್ತಲೆಯಾಗಿ, ಸವಾರ ಕಾಣದೆ, ಪ್ಲೇಟ್ ಒಂದೇ ಬೆಳಗುತ್ತದೆ. ನಿನ್ನೆ ಹೋಗಿ ನೋಡಿದೆ. 3ರ ಬಾಯಿ ತೆರೆದೇ ಇತ್ತು.